ಒಂದೇ ಲಕ್ಷ, ಎರಡು ಬಡ್ಡಿ: ಹಾವೇರಿ ಕಡೆಯ ಅಣ್ಣ-ತಮ್ಮನ ಬೆಳೆಸಾಲದ ಲೆಕ್ಕ

ಹಾವೇರಿ ಜಿಲ್ಲೆಯ ಒಂದು ಊರು. ಮಳೆ ನಂಬಿದ ಹೊಲ, ಮುಂಗಾರಿಗೆ ಗೋವಿನಜೋಳ. ಅಣ್ಣನಿಗೆ ನಾಲ್ಕು ಎಕರೆ, ತಮ್ಮನಿಗೂ ನಾಲ್ಕು ಎಕರೆ. ನಡುವೆ ಒಂದು ಬದು ಇದೆ, ಅಷ್ಟೇ. ಒಂದೇ ವಾರ ಬಿತ್ತಿದರು, ಒಂದೇ ಅಂಗಡಿಯ ಬೀಜ-ಗೊಬ್ಬರ ಹಾಕಿದರು. ಎಕರೆಗೆ ಸುಮಾರು 20 ಕ್ವಿಂಟಲ್‌ನಂತೆ ಇಬ್ಬರಿಗೂ 80 ಕ್ವಿಂಟಲ್ ಬಂತು. ಇಬ್ಬರೂ ಬಿತ್ತನೆಗೆ ಮಾಡಿದ ಸಾಲ ಒಂದೊಂದು ಲಕ್ಷ. ಅಣ್ಣ ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್ ಖಾತೆಯಿಂದ ತಂದರು, ತಮ್ಮ ಊರಿನ ಸಾಹುಕಾರರಿಂದ ತಂದ. ಬೆಳೆ, ಮಣ್ಣು, ಮಳೆ ಎಲ್ಲ ಒಂದೇ ಆಗಿದ್ದು ಸಾಲ ಮಾತ್ರ ಬೇರೆ ಆಗಿರುವುದು ಅಪರೂಪ. ಅದಕ್ಕೇ ಈ ಮನೆಯ ಲೆಕ್ಕವನ್ನು ಪೂರ್ತಿ ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ, ಮೊತ್ತಗಳನ್ನು ಲೆಕ್ಕಕ್ಕೆ ಸಲೀಸಾಗುವಂತೆ ದುಂಡಗೆ ಮಾಡಿದ್ದೇನೆ.

ಮೊದಲು ಒಂದು ಮಾತು. ತಮ್ಮನಿಗೆ ಬ್ಯಾಂಕಿನ ಬಡ್ಡಿ ಎಷ್ಟು ಅಂತ ಗೊತ್ತಿರಲಿಲ್ಲ ಅಂತಲ್ಲ. ಬಿತ್ತನೆ ಹೊತ್ತಿಗೆ ಅವನು ಅಣ್ಣನಿಗೆ ಹೇಳಿದ್ದು ಹೀಗೆ: "ಅಣ್ಣಾ, ನಿಂದು ನಾಲ್ಕು ಪರ್ಸೆಂಟ್, ಸಾಹುಕಾರ್ರದು ಮೂರು ರೂಪಾಯಿ. ನಂದೇ ಕಡಿಮಿ ಐತಿ ನೋಡು." ಅಣ್ಣನಿಗೂ ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಬ್ಯಾಂಕಿನ ನಾಲ್ಕು ಪರ್ಸೆಂಟ್ ಇಡೀ ವರ್ಷಕ್ಕೆ. ಸಾಹುಕಾರರ ಮೂರು ರೂಪಾಯಿ ನೂರಕ್ಕೆ, ಅದೂ ತಿಂಗಳಿಗೆ. ವರ್ಷಕ್ಕೆ ತಿರುಗಿಸಿದರೆ 36 ಪರ್ಸೆಂಟ್. ಹಳ್ಳಿಯಲ್ಲಿ ಬಡ್ಡಿಯನ್ನು ಯಾವಾಗಲೂ ತಿಂಗಳ ಲೆಕ್ಕದಲ್ಲೇ ಆಡುವುದರಿಂದ ಈ ಗೊಂದಲ ಓದಿದವರಿಗೂ ಆಗುತ್ತದೆ.

ಅಣ್ಣನ ಆರು ತಿಂಗಳು

ಕಿಸಾನ್ ಕಾರ್ಡ್ ಸಾಲಕ್ಕೆ 3 ಲಕ್ಷದವರೆಗೆ ಬಡ್ಡಿ ವರ್ಷಕ್ಕೆ ಶೇಕಡಾ 7. ಅವಧಿಯೊಳಗೆ ಕಟ್ಟಿದರೆ ಕೇಂದ್ರ ಸರ್ಕಾರದ ಕಡೆಯಿಂದ ಇನ್ನೂ ಶೇಕಡಾ 3 ರಿಯಾಯಿತಿ ಸಿಗುತ್ತದೆ. ಹಾಗಾಗಿ ರೈತನ ಕೈಯಿಂದ ಹೋಗುವುದು 4. ಕರ್ನಾಟಕದಲ್ಲಿ ಸಹಕಾರ ಸಂಘದ ಸದಸ್ಯರಿಗೆ ಇನ್ನೂ ಒಳ್ಳೆಯ ದಾರಿ ಇದೆ. ಅಲ್ಲಿ ಸಕಾಲಕ್ಕೆ ಕಟ್ಟಿದರೆ ಬಡ್ಡಿಯೇ ಇಲ್ಲ. ಈ ಶೂನ್ಯ ಬಡ್ಡಿ ಸಾಲದ ಮಿತಿಯನ್ನು 2023-24ರ ರಾಜ್ಯ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆದರೆ ಸಂಘಕ್ಕೆ ಬರುವ ಹಣಕ್ಕೆ ಮಿತಿ ಇದೆ, ಹೊಸ ಸದಸ್ಯರ ಸರದಿ ಬೇಗ ಬರುವುದಿಲ್ಲ. ಅಣ್ಣನ ಸರದಿ ಬಂದಿರಲಿಲ್ಲ, ಅದಕ್ಕೇ ಬ್ಯಾಂಕ್.

ಅಣ್ಣನ ಪಹಣಿ ಅವರ ಹೆಸರಿಗೇ ಇತ್ತು. ಅಪ್ಪ ಬದುಕಿದ್ದಾಗಲೇ ಅವರ ಪಾಲು ನೋಂದಣಿಯಾಗಿತ್ತು. ಎಕರೆಗೆ 25 ಸಾವಿರದ ಲೆಕ್ಕದಲ್ಲಿ ಬ್ಯಾಂಕು ಒಂದು ಲಕ್ಷದ ಮಿತಿ ಹಾಕಿಕೊಟ್ಟಿತು. ಪಹಣಿಯಲ್ಲಿ ಬೋಜಾ, ಅಂದರೆ ಸಾಲದ ನಮೂದು, ಕೂತಿತು. ಹೊಲ ಅಡಮಾನ ಮಾಡಿಕೊಡಬೇಕಾಗಲಿಲ್ಲ. 2025ರ ಜನವರಿಯಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಬ್ಯಾಂಕುಗಳು ಅಡಮಾನ ಕೇಳುವಂತಿಲ್ಲ, ಮೊದಲು ಈ ಮಿತಿ 1.6 ಲಕ್ಷ ಇತ್ತು. ಮೊದಲ ಸಲ ಕಾಗದ ಹೊಂದಿಸಲು, ಬಸ್ಸು, ಝೆರಾಕ್ಸ್, ಋಣಭಾರ ಪತ್ರ ಎಲ್ಲ ಸೇರಿ ಸುಮಾರು 2,500 ರೂಪಾಯಿ ಖರ್ಚಾಗಿತ್ತು. ಅದು ಒಂದೇ ಸಲದ ಖರ್ಚು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಿಸಾನ್ ಕಾರ್ಡ್ ಖಾತೆಯಲ್ಲಿ ಮಿತಿ ಒಂದು ಲಕ್ಷ ಇದ್ದ ಮಾತ್ರಕ್ಕೆ ಒಂದು ಲಕ್ಷವನ್ನೂ ಮೊದಲ ದಿನವೇ ತೆಗೆಯಬೇಕಿಲ್ಲ. ಬಡ್ಡಿ ಬೀಳುವುದು ತೆಗೆದ ಹಣಕ್ಕೆ, ಅದು ಹೊರಗಿದ್ದಷ್ಟು ದಿನಕ್ಕೆ ಮಾತ್ರ. ನಮ್ಮ ಕಡೆ ಬಹಳ ಜನ ಮಂಜೂರಾದ ದಿನವೇ ಪೂರ್ತಿ ತೆಗೆದು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ, ಆಮೇಲೆ ಅದು ಬೇರೆ ಖರ್ಚಿಗೆ ಕರಗುತ್ತದೆ. ಅಣ್ಣ ಹಾಗೆ ಮಾಡಲಿಲ್ಲ. ಜೂನ್ 10ಕ್ಕೆ ಬೀಜ, ಗೊಬ್ಬರ, ಬಿತ್ತನೆಗೆ 60 ಸಾವಿರ ತೆಗೆದರು. ಜುಲೈ 10ಕ್ಕೆ ಯೂರಿಯಾಕ್ಕೂ ಕಳೆ ತೆಗೆಸಲಿಕ್ಕೂ 25 ಸಾವಿರ. ತೆನೆ ಮುರಿಯಲು, ಮಷಿನ್‌ಗೆ ಹಾಕಿಸಲು ನವೆಂಬರ್ 10ಕ್ಕೆ 15 ಸಾವಿರ. ಡಿಸೆಂಬರ್ 10ಕ್ಕೆ ಮಾಲು ಮಾರಿ ಪೂರ್ತಿ ಕಟ್ಟಿದರು.

ಶೇಕಡಾ 7ರಂತೆ ಇದರ ಬಡ್ಡಿ ಸುಮಾರು 2,917 ರೂಪಾಯಿ ಆಯಿತು. ಅದರಲ್ಲಿ ಶೇಕಡಾ 3ರ ಭಾಗ, ಅಂದರೆ 1,250 ರೂಪಾಯಿ, ಆಮೇಲೆ ಖಾತೆಗೆ ವಾಪಸ್ ಬಂತು. ಕೊನೆಗೆ ಅವರ ಕೈಯಿಂದ ಹೋದದ್ದು 1,667 ರೂಪಾಯಿ. ಇಲ್ಲಿ ಒಂದು ಎಚ್ಚರಿಕೆ. ಕಟ್ಟುವ ದಿನ ಬ್ಯಾಂಕಿನವರು ಕೇಳುವುದು ಸಾಮಾನ್ಯವಾಗಿ 7ರ ಲೆಕ್ಕದ ಹಣ. 3ರ ರಿಯಾಯಿತಿ ಆಮೇಲೆ ಜಮಾ ಆಗುತ್ತದೆ. "ನಾಲ್ಕು ಅಂದ್ರಿ, ಏಳು ಹಿಡಿದೀರಲ್ಲ" ಅಂತ ಕೌಂಟರಿನಲ್ಲಿ ಜಗಳ ಆಗುವುದು ಇದಕ್ಕೇ. ಕೆಲವು ತಿಂಗಳು ಬಿಟ್ಟು ಪಾಸ್‌ಬುಕ್ ಎಂಟ್ರಿ ಹಾಕಿಸಿ, ರಿಯಾಯಿತಿ ಬಂದಿದೆಯೋ ಇಲ್ಲವೋ ನೋಡಬೇಕು. ಬಂದಿಲ್ಲದಿದ್ದರೆ ಅರ್ಜಿ ಬರೆದು ಕೇಳಬೇಕು. ಕೇಳದೆ ಹಾಗೇ ಬಿಟ್ಟವರನ್ನು ನಾನು ಬಲ್ಲೆ.

ತಮ್ಮನ ಆರು ತಿಂಗಳು

ತಮ್ಮನಿಗೆ ಬ್ಯಾಂಕು ಸಾಲ ಕೊಡಲಿಲ್ಲ ಅನ್ನುವುದಕ್ಕಿಂತ ಅವನು ಕೇಳುವ ಹಾಗೇ ಇರಲಿಲ್ಲ. ಅವನ ಪಾಲಿನ ನಾಲ್ಕು ಎಕರೆ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇತ್ತು. ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿರಲಿಲ್ಲ. ಅಕ್ಕ ಬೇರೆ ಜಿಲ್ಲೆಯಲ್ಲಿದ್ದಳು, ಸಹಿ ಕೇಳಿದರೆ ಏನಂದುಕೊಳ್ಳುತ್ತಾಳೋ ಅನ್ನುವ ಸಂಕೋಚ. ಹೀಗೆ ವರ್ಷಗಳು ಕಳೆದಿದ್ದವು. ಉಳುವವನು ತಾನು, ಪಹಣಿಯಲ್ಲಿ ಹೆಸರು ಇಲ್ಲ. ಹೀಗಿರುವಾಗ ಬೆಳೆಸಾಲವೂ ಇಲ್ಲ. ಸಾಹುಕಾರರ ಬಾಗಿಲಿಗೆ ಹೋಗುವವರಲ್ಲಿ ಇಂಥವರೇ ಜಾಸ್ತಿ. ಅವರನ್ನು ಬುದ್ಧಿ ಇಲ್ಲದವರು ಅನ್ನುವುದು ತಪ್ಪು.

ಸಾಹುಕಾರರ ಕೆಲಸ ಎಷ್ಟು ಸಲೀಸು ನೋಡಿ. ಸಂಜೆ ಹೋದ, ರಾತ್ರಿ ಊಟದೊಳಗೆ ದುಡ್ಡು ಬಂತು. ಸಹಿ ಹಾಕಿದ ಒಂದು ಬಾಂಡ್, ಮೊತ್ತ ಬರೆಯದ ಒಂದು ಚೆಕ್, ಇಷ್ಟೇ ಕೊಟ್ಟದ್ದು. ಬಾಂಡಿನಲ್ಲಿ ಒಂದು ಲಕ್ಷ ಅಂತ ಬರೆದಿತ್ತು. ಕೈಗೆ ಬಂದದ್ದು 97 ಸಾವಿರ. ಮೊದಲ ತಿಂಗಳ ಬಡ್ಡಿ ಮುರಿದುಕೊಂಡೇ ಕೊಟ್ಟರು. ಕಂತಿನಲ್ಲಿ ತೆಗೆಯುವ ಮಾತೇ ಇಲ್ಲ. ಜೂನ್‌ನಲ್ಲಿ ಬೇಕಾದದ್ದು 60 ಸಾವಿರವೇ ಆದರೂ ಪೂರ್ತಿ ಲಕ್ಷದ ಬಡ್ಡಿ ಮೊದಲ ದಿನದಿಂದ ಓಡಿತು. ಡಿಸೆಂಬರ್ 10ಕ್ಕೆ ಆರು ತಿಂಗಳ ಬಡ್ಡಿ 18 ಸಾವಿರ. ಅದರಲ್ಲಿ 3 ಸಾವಿರ ಮೊದಲೇ ಹೋಗಿತ್ತು, ಕೊಡಬೇಕಾದದ್ದು ಅಸಲು ಸೇರಿ 1,15,000.

ಅಣ್ಣನ 1,667ಕ್ಕೆ ತಮ್ಮನ 18,000. ಇಷ್ಟಕ್ಕೇ ಲೆಕ್ಕ ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದ ಹಾಗೆ.

ಸಾಹುಕಾರರಿಗೆ ಮಾಲು ಹಿಡಿಯುವ ಅಂಗಡಿಯೂ ಇತ್ತು. ಬಾಂಡಿನಲ್ಲಿ ಬರೆಯದ ಒಂದು ಕರಾರು ಇಬ್ಬರಿಗೂ ಗೊತ್ತಿತ್ತು: ಮಾಲು ಅವರ ಅಂಗಡಿಗೇ ಬರಬೇಕು. ಆ ದಿನ ಅಣ್ಣ ಎಪಿಎಂಸಿಯಲ್ಲಿ ಕ್ವಿಂಟಲ್‌ಗೆ 2,100ರಂತೆ ಮಾರಿದರು. ತಮ್ಮನ ಕಾಳನ್ನು ಸಾಹುಕಾರರು ಅಂಗೈಯಲ್ಲಿ ಹಿಡಿದು, ಒಂದೆರಡು ಹಲ್ಲಿಗೆ ಹಾಕಿ ಕಚ್ಚಿ, "ಹಸಿ ಐತಿ" ಅಂದರು. ದರ 2,020 ಆಯಿತು. ಪಕ್ಕದ ಹೊಲದ, ಒಂದೇ ಬಿಸಿಲಲ್ಲಿ ಒಣಗಿದ ಕಾಳು ಅದು. ತೇವಾಂಶ ಅಳೆಯುವ ಮಷಿನ್ ಆ ಅಂಗಡಿಯಲ್ಲಿ ಇರಲಿಲ್ಲ. ಇದ್ದರೂ "ಅಳೆದು ನೋಡ್ರಿ" ಅನ್ನುವ ಧೈರ್ಯ ಸಾಲಗಾರನಿಗೆ ಇರುವುದಿಲ್ಲ ಅಲ್ವಾ. ಕ್ವಿಂಟಲ್‌ಗೆ 80 ರೂಪಾಯಿ, 80 ಕ್ವಿಂಟಲ್‌ಗೆ 6,400.

18,000ಕ್ಕೆ ಇದನ್ನು ಸೇರಿಸಿದರೆ 24,400. ಅವನಿಗೆ ಸಿಕ್ಕ ದರದಲ್ಲೇ ನೋಡಿದರೂ 12 ಕ್ವಿಂಟಲ್ ಕಾಳು. ಅರ್ಧ ಎಕರೆಗಿಂತ ಜಾಸ್ತಿ ಹೊಲದಲ್ಲಿ ಬೆಳೆದದ್ದೆಲ್ಲ ಸಾಲದ ಖರ್ಚಿಗೇ ಹೋಯಿತು. ಅಣ್ಣನಿಗೆ ಅದೇ ಖರ್ಚು ಒಂದು ಕ್ವಿಂಟಲ್‌ಗಿಂತ ಕಡಿಮೆ. ಸಾಹುಕಾರರ ಸಾಲವನ್ನು ಬಡ್ಡಿಯಿಂದ ಮಾತ್ರ ಅಳೆಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಾಲನ್ನು ಎಲ್ಲಿ, ಯಾವಾಗ, ಯಾವ ದರಕ್ಕೆ ಮಾರಬೇಕು ಅನ್ನುವ ಅಧಿಕಾರವೂ ಆ ಬಾಂಡಿನ ಜೊತೆ ಹೋಗುತ್ತದೆ.

ಹಾಗಂತ ತಮ್ಮನಿಗೆ ಸಾಹುಕಾರರ ಮೇಲೆ ಸಿಟ್ಟು ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮಗುವಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದಾಗ, ರಾತ್ರಿ ಹನ್ನೊಂದಕ್ಕೆ 5 ಸಾವಿರ ಕೊಟ್ಟವರು ಅವರೇ. ಆ ಹಣಕ್ಕೆ ಬಡ್ಡಿ ಹಿಡಿಯಲಿಲ್ಲ, ಮಾಲು ತೂಗುವಾಗ ಅಸಲು ಮಾತ್ರ ಮುರಿದುಕೊಂಡರು. ಬ್ಯಾಂಕು ಆ ಹೊತ್ತಿಗೆ ಬಾಗಿಲು ತೆಗೆಯುವುದಿಲ್ಲ. ಜನ ಮತ್ತೆ ಮತ್ತೆ ಅಲ್ಲಿಗೇ ಹೋಗುವುದರ ಹಿಂದೆ ಇಂಥ ಋಣ ಇರುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ "ಬ್ಯಾಂಕಿಗೆ ಹೋಗಿ" ಅಂತ ಸುಮ್ನೆ ಹೇಳಿದರೆ ಯಾರೂ ಕೇಳುವುದಿಲ್ಲ. ಕಿಸಾನ್ ಕಾರ್ಡಿನ ಮಿತಿ ಹಾಕುವಾಗ ಮನೆಖರ್ಚಿಗೆ ಅಂತ ಶೇಕಡಾ 10 ಸೇರಿಸುವ ಅವಕಾಶ ಇದೆ. ಅದನ್ನು ಸೇರಿಸಿ ಮಿತಿ ಹಾಕಿಸಿಕೊಂಡು, ಆ ಭಾಗವನ್ನು ಮುಟ್ಟದೆ ಖಾತೆಯಲ್ಲೇ ಬಿಟ್ಟರೆ ರಾತ್ರಿ ಹನ್ನೊಂದಕ್ಕೆ ಎಟಿಎಂನಿಂದ ತೆಗೆಯಬಹುದು. ಬಳಸದಿದ್ದರೆ ಅದಕ್ಕೆ ಬಡ್ಡಿ ಇಲ್ಲ.

ಅಣ್ಣ ಡಿಸೆಂಬರ್‌ನಲ್ಲೇ ಯಾಕೆ ಕಟ್ಟುತ್ತಾರೆ

ಅಣ್ಣನ ವಾಯಿದೆ ಇದ್ದದ್ದು ಮುಂದಿನ ಜೂನ್‌ಗೆ. ಆರು ತಿಂಗಳು ಮೊದಲೇ ಕಟ್ಟುವ ಅವಸರ ಏನಿತ್ತು? ಅದರ ಹಿಂದಿನ ವರ್ಷ ನಡೆದದ್ದು ಅವರಿಗೆ ಮರೆತಿರಲಿಲ್ಲ.

ಆ ವರ್ಷ ಅವರು ಪೂರ್ತಿ ಲಕ್ಷವನ್ನು ಜೂನ್‌ನಲ್ಲೇ ತೆಗೆದಿದ್ದರು. ಮಾಲು ಮಾರಿದ ಹಣ ಮನೆ ರಿಪೇರಿಗೆ ಹೋಯಿತು. ವಾಯಿದೆ ಬಂದಾಗ ಬಡ್ಡಿಯ 7 ಸಾವಿರ ಕೈಯಲ್ಲಿತ್ತು, ಅಸಲು ಇರಲಿಲ್ಲ. ಊರಲ್ಲಿ ಎಲ್ಲರೂ ಮಾಡುವುದನ್ನೇ ಅವರೂ ಮಾಡಿದರು. ನಮ್ಮ ಕಡೆ ಇದಕ್ಕೆ ಹೊಸ-ಹಳೆ ಮಾಡುವುದು ಅನ್ನುತ್ತಾರೆ. ಸಾಹುಕಾರರಿಂದ ಒಂದು ಲಕ್ಷ ಕೈಸಾಲ ತಂದು ಬ್ಯಾಂಕಿಗೆ ಕಟ್ಟುವುದು, ಖಾತೆ ನವೀಕರಣವಾದ ಮೇಲೆ ಅದೇ ಲಕ್ಷ ತೆಗೆದು ಸಾಹುಕಾರರಿಗೆ ವಾಪಸ್ ಕೊಡುವುದು. ಹತ್ತು-ಹನ್ನೆರಡು ದಿನದ ಕೆಲಸ. ಆದರೆ ಸಾಹುಕಾರರು ದಿನದ ಲೆಕ್ಕ ಹಿಡಿಯುವುದಿಲ್ಲ, ತಿಂಗಳು ಅಂದರೆ ತಿಂಗಳು. ಬಡ್ಡಿ 3 ಸಾವಿರ.

ಈಗ ಸಕಾಲಕ್ಕೆ ಕಟ್ಟಿದ್ದಕ್ಕೆ ಸಿಕ್ಕ ರಿಯಾಯಿತಿ ಎಷ್ಟು? ಒಂದು ಲಕ್ಷಕ್ಕೆ ಒಂದು ವರ್ಷಕ್ಕೆ ಶೇಕಡಾ 3. ಅದೂ 3 ಸಾವಿರ! ಸರ್ಕಾರ ಕೊಟ್ಟದ್ದು ನೇರವಾಗಿ ಸಾಹುಕಾರರ ಜೇಬಿಗೆ ಹೋಯಿತು. ಕಾಗದದ ಮೇಲೆ ಅಣ್ಣ ನಾಲ್ಕು ಪರ್ಸೆಂಟಿನ ರೈತ, ನಿಜವಾಗಿ ಕೊಟ್ಟದ್ದು ಏಳು. ನವೀಕರಣಕ್ಕೆ ಸಹಿ ಹಾಕಬೇಕಾದವರು ರಜೆಯಲ್ಲಿದ್ದು ಕೆಲಸ ಎರಡನೇ ತಿಂಗಳಿಗೆ ಜಾರಿದ್ದರೆ ಇನ್ನೂ 3 ಸಾವಿರ ಹೋಗುತ್ತಿತ್ತು.

ಹಾಗಾದರೆ ಕಟ್ಟದೆ ಬಿಡಬಹುದಿತ್ತೇ? ಅದೂ ಸರಿಯಲ್ಲ. ವಾಯಿದೆ ಮೀರಿದರೆ ರಿಯಾಯಿತಿ ಹೋಗುತ್ತದೆ, ಆ ದಿನದಿಂದ ಬ್ಯಾಂಕಿನ ಮಾಮೂಲಿ ದರ ಶುರುವಾಗುತ್ತದೆ. ಹೊಸ ಬಿತ್ತನೆಗೆ ಹಣ ತೆಗೆಯಲು ಆಗುವುದಿಲ್ಲ. ಎರಡು ಹಂಗಾಮು ಬಾಕಿ ಉಳಿದರೆ ಖಾತೆ ಸುಸ್ತಿ ಪಟ್ಟಿಗೆ ಸೇರುತ್ತದೆ, ಮುಂದಿನ ಸಾಲಕ್ಕೆ ಕಲ್ಲು ಬೀಳುತ್ತದೆ. ಶೂನ್ಯ ಬಡ್ಡಿಯ ಸಂಘದಲ್ಲಂತೂ ಪೆಟ್ಟು ಇನ್ನೂ ದೊಡ್ಡದು, ಯಾಕೆಂದರೆ ಅಲ್ಲಿ ಕಳೆದುಕೊಳ್ಳುವುದು ಪೂರ್ತಿ ಬಡ್ಡಿಯ ರಿಯಾಯಿತಿಯನ್ನು. ವಾಯಿದೆ ತಪ್ಪಿದರೆ ಎಷ್ಟು ಬಡ್ಡಿ, ಯಾವ ದಿನದಿಂದ ಅಂತ ಸಾಲ ತೆಗೆಯುವ ದಿನವೇ ಕಾರ್ಯದರ್ಶಿಯವರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು.

ಹಾಗಾಗಿ ಅಣ್ಣ ಒಂದು ಪದ್ಧತಿ ಮಾಡಿಕೊಂಡರು. ಮಾಲು ಮಾರಿದ ಹಣ ಮೊದಲು ಕಿಸಾನ್ ಕಾರ್ಡ್ ಖಾತೆಗೇ ಹೋಗಬೇಕು. ಮನೆಗೆ ಬೇಕಾದರೆ ಆಮೇಲೆ ಸ್ವಲ್ಪ ತೆಗೆದರಾಯಿತು. ಹೀಗೆ ಮಾಡಿದರೆ ಜೂನ್ ಬಂದಾಗ ಬಾಕಿ ಸಣ್ಣದಿರುತ್ತದೆ, ಕೈಸಾಲ ಬೇಕಾಗುವುದಿಲ್ಲ. ದರ ಬಿದ್ದಿದೆ, ಈಗ ಮಾರಲು ಮನಸ್ಸಿಲ್ಲ ಅನ್ನುವ ಸಣ್ಣ ರೈತರಿಗೆ ಇನ್ನೊಂದು ದಾರಿ ಇದೆ. ಮಾನ್ಯತೆ ಪಡೆದ ಗೋದಾಮಿನಲ್ಲಿ ಮಾಲು ಇಟ್ಟು, ಅವರು ಕೊಡುವ ರಸೀದಿಯ ಮೇಲೆ ಆರು ತಿಂಗಳವರೆಗೆ ಅದೇ 7ರ ಬಡ್ಡಿಗೆ ಸಾಲ ತೆಗೆಯಬಹುದು. ಕಿಸಾನ್ ಕಾರ್ಡ್ ಇರಬೇಕು, ರಸೀದಿ ಅಂಥ ಗೋದಾಮಿನದ್ದೇ ಆಗಿರಬೇಕು, ಕಾಳು ಚೆನ್ನಾಗಿ ಒಣಗಿರಬೇಕು. ಹತ್ತಿರದಲ್ಲಿ ಅಂಥ ಗೋದಾಮು ಇಲ್ಲದಿದ್ದರೆ ಇದು ಆಗುವ ಮಾತಲ್ಲ.

ಬಾಂಡ್ ಬದಲಾಯಿಸುವ ದಿನ

ತಮ್ಮನ ಕಥೆ ಡಿಸೆಂಬರ್‌ಗೆ ಮುಗಿದಿರಲಿಲ್ಲ. 1,15,000 ಕೊಡಬೇಕಿತ್ತು. ಕೂಲಿ, ಬಾಡಿಗೆ, ಮನೆಯ ದಿನಸಿ, ಮಕ್ಕಳ ಫೀಸು ಕಳೆದು ಅವನಿಗೆ ಕೊಡಲು ಆದದ್ದು 70 ಸಾವಿರ. ಉಳಿದ 45 ಸಾವಿರಕ್ಕೆ ಮೂರು ರೂಪಾಯಿಯಂತೆ ಬಡ್ಡಿ ಓಡಿ, ಜೂನ್ ಹೊತ್ತಿಗೆ ಅದು 53,100 ಆಗಿತ್ತು. ಹೊಸ ಬಿತ್ತನೆಗೆ ಮತ್ತೆ ಒಂದು ಲಕ್ಷ ಬೇಕು. ಸಾಹುಕಾರರು ಮುಖ ಸಿಂಡರಿಸಲಿಲ್ಲ. "ಹಳೇ ಬಾಂಡ್ ಹರಿದು ಹಾಕೂಣು, ಎಲ್ಲಾ ಸೇರಿಸಿ ಹೊಸದು ಬರಿಯೂಣು" ಅಂದರು. ಹೊಸ ಬಾಂಡಿನ ಮೊತ್ತ 1,53,100. ಬಡ್ಡಿ ಅಸಲಿಗೆ ಸೇರುವುದು ಹೀಗೆ, ಯಾರೂ ಚಕ್ರಬಡ್ಡಿ ಅಂತ ಬಾಯಿಬಿಟ್ಟು ಹೇಳದೆ.

ಆ ರಾತ್ರಿ ಅಣ್ಣ, ಅತ್ತಿಗೆ, ತಮ್ಮ, ಅವನ ಹೆಂಡತಿ ಕೂತು ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದರು. 1,53,100ಕ್ಕೆ ಡಿಸೆಂಬರ್‌ವರೆಗೆ ಬಡ್ಡಿ 27,558. ಒಟ್ಟು 1,80,658. ಹೋದ ವರ್ಷದಷ್ಟೇ ಬೆಳೆ ಬಂದು ಅದೇ ದರ ಸಿಕ್ಕರೆ ಪೂರ್ತಿ ಮಾಲಿನ ಬೆಲೆ 1,61,600. ಅಂದರೆ ಒಂದು ಕಾಳೂ ಉಳಿಸಿಕೊಳ್ಳದೆ, ಒಂದು ರೂಪಾಯಿ ಕೂಲಿಯನ್ನೂ ಕೊಡದೆ ಎಲ್ಲ ಸುರಿದರೂ ಸಾಲ ತೀರುವುದಿಲ್ಲ. ಮೊದಲ ವರ್ಷ ಬಡ್ಡಿ ಜಾಸ್ತಿ ಅನ್ನಿಸಿತ್ತು ಅಷ್ಟೇ. ಎರಡನೇ ವರ್ಷಕ್ಕೆ ಬೆಳೆಯೇ ಸಾಲದ ಕೆಳಗೆ ಬಿತ್ತು. ಎಷ್ಟು ಬೇಗ ಅಲ್ವಾ? ಸಾಲ ಕೈಮೀರುತ್ತಿದೆ ಅಂತ ಗುರುತಿಸಲು ಇದೇ ಸರಿಯಾದ ಅಳತೆ: ಬರುವ ಸುಗ್ಗಿಯ ಒಟ್ಟು ಮಾಲಿನ ಬೆಲೆಗಿಂತ ಆ ದಿನಕ್ಕೆ ಕೊಡಬೇಕಾದದ್ದು ಜಾಸ್ತಿ ಆಗುತ್ತದೆಯೇ? ಆಗುವುದಾದರೆ ಹೊಸ ಬಾಂಡಿಗೆ ಸಹಿ ಹಾಕಬಾರದು.

ಅವರು ಹಾಕಲಿಲ್ಲ. ತಮ್ಮನ ಹೆಂಡತಿಯ ಬಳೆ, ಸರವನ್ನು ಬ್ಯಾಂಕಿನಲ್ಲಿ ಇಟ್ಟು ಒಂದೂವರೆ ಲಕ್ಷ ತಂದರು. ಬಡ್ಡಿ ವರ್ಷಕ್ಕೆ ಸುಮಾರು ಶೇಕಡಾ 9, ಆರು ತಿಂಗಳಿಗೆ 6,750. ಕಡಿಮೆ ಪಡುವ ಸ್ವಲ್ಪ ಹಣ ಅಣ್ಣ ಕೊಟ್ಟರು. ಮೊದಲ ವರ್ಷವೇ ಇದನ್ನು ಮಾಡಬಹುದಿತ್ತು. ಆದರೆ ಬಂಗಾರ ಬ್ಯಾಂಕಿಗೆ ಹೋದರೆ ಬೀಗರಿಗೆ ಗೊತ್ತಾಗುತ್ತದೆ, ಬಾಂಡ್ ಬರೆದದ್ದು ಯಾರಿಗೂ ಗೊತ್ತಾಗುವುದಿಲ್ಲ. ಒಂದು ಲಕ್ಷದ ಬಂಗಾರದ ಸಾಲಕ್ಕೆ ಆಗುತ್ತಿದ್ದ 4,500 ಬಡ್ಡಿ ಕಳೆದರೂ, ಆ ಮರ್ಯಾದೆಯ ಬೆಲೆ ಮೊದಲ ವರ್ಷ ಸುಮಾರು 20 ಸಾವಿರ ಆಗಿತ್ತು.

ಅದೇ ವಾರ ಅಕ್ಕನಿಗೆ ಫೋನ್ ಮಾಡಿದರು. ಅವಳು ಮೊದಲ ಮಾತಿಗೇ ಬರುತ್ತೇನೆ ಅಂದಳು. ಮರಣ ಪತ್ರ, ವಂಶವೃಕ್ಷ ಸೇರಿಸಿ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಹಾಕಿದರು. ಇಲ್ಲಿ ಗಮನಿಸಬೇಕಾದದ್ದು, ಪೌತಿಯಲ್ಲಿ ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಬರುತ್ತದೆ. ಆಮೇಲೆ ವಿಭಾಗ ಮಾಡಿಕೊಂಡು ಒಬ್ಬರ ಹೆಸರಿಗೆ ಬಂದರೆ ಬೆಳೆಸಾಲ ಸಲೀಸು. ಇಲ್ಲದಿದ್ದರೆ ಜಂಟಿ ಖಾತೆದಾರರೆಲ್ಲರ ಒಪ್ಪಿಗೆ ಬೇಕಾಗುತ್ತದೆ. ಬಿತ್ತನೆ ತಿಂಗಳಲ್ಲಿ ಅರ್ಜಿ ಹಾಕಿದರೆ ಆ ವರ್ಷದ ಸಾಲಕ್ಕೆ ಅದು ಒದಗುವುದಿಲ್ಲ. ಇವರಿಗೂ ಒದಗಲಿಲ್ಲ, ಮುಂದಿನ ಮುಂಗಾರಿಗೆ ತಮ್ಮನ ಕಿಸಾನ್ ಕಾರ್ಡ್ ಆಯಿತು.

ಸಾಹುಕಾರರ ಲೆಕ್ಕ ಮುಗಿಸುವಾಗ ಅಣ್ಣ ಜೊತೆಗೆ ಹೋದರು. ಕರ್ನಾಟಕದಲ್ಲಿ ಲೈಸೆನ್ಸ್ ಇರುವ ಲೇವಾದೇವಿದಾರರು ಸಹ ಅಡವಿಟ್ಟ ಸಾಲಕ್ಕೆ ವರ್ಷಕ್ಕೆ ಶೇಕಡಾ 14, ಅಡವಿಲ್ಲದ ಸಾಲಕ್ಕೆ 16ಕ್ಕಿಂತ ಜಾಸ್ತಿ ಬಡ್ಡಿ ಹಿಡಿಯುವಂತಿಲ್ಲ. ಕಿರುಕುಳ ಕೊಟ್ಟು ವಸೂಲಿ ಮಾಡುವುದರ ವಿರುದ್ಧ 2025ರಲ್ಲಿ ರಾಜ್ಯ ಹೊಸ ಕಾನೂನನ್ನೂ ತಂದಿದೆ. ಅಣ್ಣನಿಗೆ ಇದು ಗೊತ್ತಿತ್ತು. ಆದರೂ ಒಂದೇ ಊರಲ್ಲಿ ಬಾಳಬೇಕು ಅಂತ ಮಾತಾಡಿದಷ್ಟು ಬಡ್ಡಿಯನ್ನೇ ಕೊಡಲು ಒಪ್ಪಿದರು. ಎರಡು ವಿಷಯದಲ್ಲಿ ಮಾತ್ರ ಬಿಟ್ಟುಕೊಡಲಿಲ್ಲ. ಹಣವನ್ನು ಕೈಗೆ ಕೊಡದೆ ತಮ್ಮನ ಖಾತೆಯಿಂದ ಸಾಹುಕಾರರ ಖಾತೆಗೆ ಹಾಕಿದರು. ಬಾಂಡಿನ ಹಿಂದೆ "ಅಸಲು ಬಡ್ಡಿ ಪೂರ್ತಿ ಚುಕ್ತಾ" ಅಂತ ಬರೆಸಿ, ತಾರೀಕು ಹಾಕಿಸಿ, ಸಹಿ ಮಾಡಿಸಿಕೊಂಡು ವಾಪಸ್ ತಂದರು.

ಚೆಕ್ ಸಿಗಲಿಲ್ಲ. "ಎಲ್ಲೋ ಇಟ್ಟೀನಿ, ಸಿಕ್ಕ ಮ್ಯಾಲೆ ಕೊಡ್ತೀನಿ" ಅಂದರು ಸಾಹುಕಾರರು. ಮೊತ್ತ ಬರೆಯದ, ಸಹಿ ಇರುವ ಚೆಕ್ ಅದು. ವರ್ಷ ಕಳೆದು ಯಾರೋ ಅದರಲ್ಲಿ ಎರಡು ಲಕ್ಷ ಅಂತ ಬರೆದು ಬ್ಯಾಂಕಿಗೆ ಹಾಕಿದರೆ, ಚೆಕ್ ಬೌನ್ಸ್ ಕೇಸಿಗೆ ಕೋರ್ಟಿಗೆ ಅಲೆಯಬೇಕಾದವನು ತಮ್ಮ. ಅಲ್ಲಿಂದ ಇಬ್ಬರೂ ನೇರ ಬ್ಯಾಂಕಿಗೆ ಹೋದರು. ಚೆಕ್‌ನ ನಂಬರ್ ಹೇಳಿ, ಅದಕ್ಕೆ ಹಣ ಕೊಡಬೇಡಿ ಅಂತ ಅರ್ಜಿ ಬರೆದುಕೊಟ್ಟು, ಅರ್ಜಿಯ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡರು. ಸಾಹುಕಾರರಿಗೂ ಚೆಕ್ ವಾಪಸ್ ಕೇಳಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದು ಕಾಗದ ಹಾಕಿದರು. ಆ ರಸೀದಿ, ಸೀಲು ಬಿದ್ದ ಪ್ರತಿ, ಚುಕ್ತಾ ಆದ ಬಾಂಡ್, ಮೂರನ್ನೂ ಅಣ್ಣ ತಮ್ಮದೇ ಕಿಸಾನ್ ಕಾರ್ಡಿನ ಪಾಸ್‌ಬುಕ್ ಇಡುವ ಚೀಲದಲ್ಲೇ ಇಟ್ಟಿದ್ದಾರೆ.